ಬಾಗಿದ ಗೆರೆಗೂ ನೇರ ಗೆರೆಗೂ ನಡುವೆ ಎಷ್ಟು ಜಾಗ?

ಆಯತಕ್ಕೆ ಉದ್ದ ಅಗಲ ಗುಣಿಸಿದರೆ ವಿಸ್ತೀರ್ಣ ಸಿಕ್ಕಿಬಿಡುತ್ತದೆ. ಒಂದು ಬದಿ ಬಾಗಿದ್ದರೆ ಆ ದಾರಿ ನಡೆಯುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಗಣಿತ ಓದುವವರು ಇಂಥ ಲೆಕ್ಕವನ್ನು ನಿಶ್ಚಿತ ಅನುಕಲನದಿಂದ ಬಿಡಿಸುತ್ತಾರೆ. ಒಂದನ್ನು ನಾವೂ ಮಾಡಿ ನೋಡೋಣ.

ಪರವಲಯ y = x², ಸರಳರೇಖೆ y = x + 2. ಇವೆರಡೂ ಸಂಧಿಸುವುದು ಎಲ್ಲಿ ಎಂಬುದು ಮೊದಲ ಪ್ರಶ್ನೆ. ಎರಡೂ ಕಡೆ y ಒಂದೇ ಆಗಬೇಕು, ಅಂದರೆ x² = x + 2. ಬಿಡಿಸಿದರೆ x = −1 ಮತ್ತು x = 2. ಈ ಎರಡು ಗಡಿಗಳ ನಡುವೆ ರೇಖೆ ಮೇಲಿದೆ, ಪರವಲಯ ಕೆಳಗಿದೆ. ಅನುಮಾನವಿದ್ದರೆ x = 0 ಹಾಕಿ ನೋಡಿ: ರೇಖೆ 2ರಲ್ಲಿದೆ, ಪರವಲಯ 0ಯಲ್ಲಿದೆ.

ಈಗ ಆ ಜಾಗವನ್ನು ನಿಂತ ಪಟ್ಟಿಗಳಾಗಿ ಸೀಳಿ. ಪ್ರತಿ ಪಟ್ಟಿಯ ಎತ್ತರ (x + 2) − x². ಪಟ್ಟಿಗಳು ಸಣ್ಣದಾದಷ್ಟೂ ಅವುಗಳ ಮೊತ್ತ ನಿಜವಾದ ವಿಸ್ತೀರ್ಣಕ್ಕೆ ಹತ್ತಿರವಾಗುತ್ತದೆ. ಕೊನೆಗೆ ಅದು ಮುಟ್ಟುವ ಬೆಲೆಯೇ ನಿಶ್ಚಿತ ಅನುಕಲನ:

∫ (x + 2 − x²) dx, −1 ರಿಂದ 2 ರವರೆಗೆ

ಅನುಕಲಿಸಿದರೆ x²/2 + 2x − x³/3. ಇದರಲ್ಲಿ 2 ಹಾಕಿದರೆ 10/3, −1 ಹಾಕಿದರೆ −7/6. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 27/6, ಅಂದರೆ 4.5 ಚದರ ಮಾನ. ಮೇಲಿನದರಿಂದ ಕೆಳಗಿನದನ್ನು ಕಳೆಯುವ ಬದಲು ತಿರುಗುಮುರುಗು ಮಾಡಿದವರಿಗೆ −4.5 ಬರುತ್ತದೆ. ಆ ತಪ್ಪು ಚಿಹ್ನೆಯಿಂದಲೇ ಗೊತ್ತಾಗುತ್ತದೆ.

ಗೊತ್ತಾಗದ ತಪ್ಪು ಬೇರೆ ಇದೆ. y ಅಕ್ಷದ ಎಡಕ್ಕಿರುವ ತುಂಡನ್ನು ಮರೆತು, 0ಯಿಂದ 2ರವರೆಗೆ ಮಾತ್ರ ಅನುಕಲಿಸಿದರೆ ಉತ್ತರ 10/3, ಸುಮಾರು 3.33. ನೋಡಲು ಸರಿಯಾದ ಉತ್ತರದಂತೆಯೇ ಇರುತ್ತದೆ.

ಇದನ್ನು ಹಿಡಿಯಲು ಅನುಕಲನ ಹುಟ್ಟುವುದಕ್ಕೆ ಬಹಳ ಹಿಂದೆಯೇ ಸಿಕ್ಕ ಉಪಾಯವೊಂದಿದೆ. ಕ್ರಿಸ್ತಪೂರ್ವ 3ನೇ ಶತಮಾನದ ಆರ್ಕಿಮಿಡೀಸ್, ಪರವಲಯವನ್ನು ರೇಖೆಯೊಂದು ಕತ್ತರಿಸಿದಾಗ ಸಿಗುವ ತುಂಡಿನ ವಿಸ್ತೀರ್ಣ ಅದರೊಳಗಿನ ಒಂದು ನಿರ್ದಿಷ್ಟ ತ್ರಿಕೋನದ 4/3ರಷ್ಟು ಎಂದು ಸಾಧಿಸಿದ್ದ. ಅನುಕಲನವಿಲ್ಲದೆ ಆತ ಇಷ್ಟು ದೂರ ಹೋದದ್ದು ನನಗಂತೂ ಇಂದಿಗೂ ಬೆರಗಿನ ಸಂಗತಿ.

ನಮ್ಮ ಲೆಕ್ಕದಲ್ಲಿ ಆ ತ್ರಿಕೋನದ ಎರಡು ಮೂಲೆಗಳು ಗೆರೆಗಳು ಸಂಧಿಸುವ ಬಿಂದುಗಳು. ಮೂರನೆಯದು −1 ಮತ್ತು 2ರ ನಡುಮಧ್ಯ, x = 0.5ರಲ್ಲಿ, ಪರವಲಯದ ಮೇಲಿದೆ. ಅಲ್ಲಿ ರೇಖೆಯ ಎತ್ತರ 2.5, ಪರವಲಯದ್ದು 0.25, ಅಂತರ 2.25. ಇದನ್ನು ಗಡಿಗಳ ನಡುವಿನ ದೂರ 3ರಿಂದ ಗುಣಿಸಿ ಅರ್ಧ ಮಾಡಿದರೆ ತ್ರಿಕೋನದ ವಿಸ್ತೀರ್ಣ 3.375. ಅದರ 4/3 ಭಾಗ ಸರಿಯಾಗಿ 4.5.

3.33 ಎಂದವರು ಸಿಕ್ಕಿಬೀಳುವುದು ಇಲ್ಲೇ. ಒಳಗಿರುವ ತ್ರಿಕೋನವೇ 3.375 ಇರುವಾಗ ಇಡೀ ಜಾಗ ಅದಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ.

ಪರೀಕ್ಷೆಯಲ್ಲಿ ಎರಡು ನಿಮಿಷ ಉಳಿದರೆ ಈ ತ್ರಿಕೋನವನ್ನೊಮ್ಮೆ ಲೆಕ್ಕ ಹಾಕಿ ನೋಡಿ. ಉತ್ತರ ಹೊಂದದಿದ್ದರೆ ಮೊದಲು ಗಡಿಗಳನ್ನೇ ಅನುಮಾನಿಸಿ.