ಬಿಳಿ ಆಕಾಶ, ಕರಿ ಕೂದಲು

ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಮೋಡ ಕವಿದ ದಿನ ಫೋಟೊ ತೆಗೆದರೆ ಮುಖ ಚೆನ್ನಾಗಿ ಬರುತ್ತದೆ, ಆಕಾಶ ಕೈಕೊಡುತ್ತದೆ. ಮುಖಕ್ಕೆ ಬೇಕಾದಷ್ಟು ಬೆಳಕು ಹಿಡಿಯಹೋದ ಕ್ಯಾಮೆರಾಗೆ ಹಿಂದಿನ ಮೋಡದ ಹೊಳಪು ತಡೆಯಲಾರದಷ್ಟಾಗಿ, ಅಲ್ಲೆಲ್ಲ ಬರೀ ಬಿಳುಪು ಉಳಿಯುತ್ತದೆ. ಮದುವೆಗೆ ಮುಂಚಿನ ಶೂಟ್ ಮುಗಿಸಿದ ಜೋಡಿ ಸ್ಟುಡಿಯೊಗೆ ಬಂದು ‘ಹಿಂದೆ ಸ್ವಲ್ಪ ನೀಲಿ ಆಕಾಶ ಹಾಕಿಕೊಡಿ ಸಾರ್’ ಎನ್ನುತ್ತದೆ.

ಬೇಡಿಕೆ ಹೊಸದಲ್ಲ. 19ನೇ ಶತಮಾನದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬೆಳ್ಳಗಾಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದ ತನ್ನ ಕೆಲವು ಕಡಲ ಚಿತ್ರಗಳಲ್ಲಿ ನೀರಿಗೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಹಾಳೆಯ ಮೇಲೆ ಮುದ್ರಿಸಿದ. ಅವನಿಗೊಂದು ಅನುಕೂಲವಿತ್ತು: ಎರಡೂ ಸೇರುವ ಜಾಗ ದಿಗಂತದ ನೇರ ಗೆರೆ. ಗಾಳಿಗೆ ಹಾರುವ ಕೂದಲಿಗೆ ಅಂಥ ಗೆರೆ ಎಲ್ಲಿಂದ ಬರಬೇಕು?

ಹೊಸಬರು ಸೋಲುವುದು ಇಲ್ಲೇ. ಅವರು ಕೂದಲನ್ನು ಕತ್ತರಿಸಿ ತೆಗೆಯಲು ನೋಡುತ್ತಾರೆ. ಆದರೆ ಕೂದಲಿನ ಅಂಚಿನ ಪಿಕ್ಸೆಲ್ ಪೂರ್ತಿ ಕೂದಲಲ್ಲ, ಅದರಲ್ಲಿ ಹಳೆಯ ಬಿಳಿ ಆಕಾಶವೂ ಬೆರೆತಿರುತ್ತದೆ. ಎಷ್ಟು ನಾಜೂಕಾಗಿ ಕತ್ತರಿಸಿದರೂ ಆ ಬಿಳುಪು ಜೊತೆಗೇ ಬಂದು, ನೀಲಿಯ ಮುಂದೆ ತಲೆಯ ಸುತ್ತ ಸುಣ್ಣದ ಗೆರೆಯಂತೆ ನಿಲ್ಲುತ್ತದೆ. ಆ ಗೆರೆ ಕಂಡರೆ ಎಂಥವರಿಗೂ ಗುಟ್ಟು ಗೊತ್ತಾಗುತ್ತದೆ.

ಪಳಗಿದ ಎಡಿಟರ್ ಕೂದಲನ್ನು ಕತ್ತರಿಸುವುದೇ ಇಲ್ಲ. ಫೋಟೊಶಾಪ್‌ನಲ್ಲಿ ಹೊಸ ಆಕಾಶವನ್ನು ಫೋಟೊದ ಮೇಲಿನ ಲೇಯರ್ ಆಗಿ ಇಟ್ಟು, ಬ್ಲೆಂಡಿಂಗ್ ಮೋಡ್ ಅನ್ನು Multiply ಮಾಡುತ್ತಾನೆ. ಇದರ ಲೆಕ್ಕ ಸರಳ. ಹೊಳಪು 0ಯಿಂದ 255ರವರೆಗೆ ಇರುತ್ತದೆ. ಎರಡು ಲೇಯರ್‌ಗಳ ಹೊಳಪನ್ನು ಗುಣಿಸಿ 255ರಿಂದ ಭಾಗಿಸಬೇಕು. ಹೊಸ ಆಕಾಶದ ಹೊಳಪು 170 ಎನ್ನಿ. ಅಚ್ಚ ಬಿಳುಪಿದ್ದ ಕಡೆ, ಅಂದರೆ 255 ಇದ್ದಲ್ಲಿ, ಹೊಸ ಆಕಾಶ ಹಾಗೇ 170 ಆಗಿ ಕಾಣುತ್ತದೆ. 30 ಇದ್ದ ದಟ್ಟ ಕೂದಲು 20ಕ್ಕೆ ಇಳಿದು ಕಪ್ಪಾಗಿಯೇ ಉಳಿಯುತ್ತದೆ. ಎರಡೂ ಬೆರೆತ 190ರ ಅಂಚು 127ಕ್ಕೆ ಬಂದು ಎರಡರ ನಡುವೆ ಕೂರುತ್ತದೆ. ಕತ್ತರಿಸಿ ಅಂಟಿಸಿದ್ದರೆ ಅದೇ ಅಂಚು 190 ಆಗಿಯೇ ಉಳಿದು ಆಕಾಶಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಸುಣ್ಣದ ಗೆರೆ ಎಂದರೆ ಅದೇ. ಗಿರಾಕಿ ಬೇಡವೆಂದ ಬಿಳುಪೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆದರೆ Multiply ಎಲ್ಲದರ ಮೇಲೂ ಬಣ್ಣ ಬಳಿಯುತ್ತದೆ. ಮುಖ ನೀಲಿಯಾಗುತ್ತದೆ, ಸೀರೆಯ ಜರಿ ಮಂಕಾಗುತ್ತದೆ. ಅದಕ್ಕೆ ಆಕಾಶದ ಲೇಯರ್‌ಗೆ ಮಾಸ್ಕ್ ಹಾಕಿ, ಮೈಮೇಲಿನ ಭಾಗವನ್ನು ಕಪ್ಪು ಬ್ರಷ್‌ನಿಂದ ಮುಚ್ಚಬೇಕು. ತೋಳು, ಭುಜಗಳ ಅಂಚಿನಲ್ಲಿ ಮಾಸ್ಕ್ ಅಂಚಿಗೇ ಹೊಂದಿಕೊಂಡಿರಬೇಕು. ತಲೆಯ ಬಳಿ ಮಾತ್ರ ಅದು ಕೂದಲಿನ ತುದಿಯಲ್ಲಲ್ಲ, ಒಂದಿಷ್ಟು ಒಳಗೆ, ಕೂದಲು ದಟ್ಟವಾಗಿರುವಲ್ಲಿ ಮೆದು ಬ್ರಷ್‌ನಿಂದ ಮುಗಿಯಬೇಕು. ಕಪ್ಪಿನಲ್ಲಿ ಕಪ್ಪು ಕಲೆತು ಗಡಿ ಯಾರಿಗೂ ಕಾಣದು. ಹಾರಾಡುವ ಎಳೆಗಳನ್ನು ಬ್ರಷ್ ಮುಟ್ಟುವುದೇ ಬೇಡ.

ಮಲ್ಲಿಗೆ ಮುಡಿದಿದ್ದರೆ ಕಥೆಯೇ ಬೇರೆ. ಆಕಾಶಕ್ಕೂ ಹೂವಿಗೂ ವ್ಯತ್ಯಾಸ ತಿಳಿಯದ Multiply ಮಲ್ಲಿಗೆಯನ್ನೂ ನೀಲಿ ಮಾಡಿಬಿಡುತ್ತದೆ. ಜಡೆಯ ಅಂಚಿನಾಚೆ ಇಣುಕುವ ಮೊಗ್ಗುಗಳನ್ನು ದೊಡ್ಡದು ಮಾಡಿಕೊಂಡು ಒಂದೊಂದಾಗಿ ಮಾಸ್ಕ್‌ನಲ್ಲಿ ಉಳಿಸಿಕೊಳ್ಳಬೇಕು. ಬೇಸರದ ಕೆಲಸ, ಅಡ್ಡದಾರಿಯಿಲ್ಲ.

ಮಳೆಮೋಡದ ಬಿಳುಪು ಎಷ್ಟೋ ಸಲ 255 ಮುಟ್ಟಿರುವುದಿಲ್ಲ, 235ರ ಸುಮಾರಿಗೆ ನಿಂತಿರುತ್ತದೆ. ಆಗ ಹೊಸ ಆಕಾಶ ಕೊಳೆಯಾದಂತೆ ಕಾಣುತ್ತದೆ. ಕೆಳಗಿನ ಫೋಟೊಗೆ Levels ತೆರೆದು ಬಲಗಡೆಯ ಬಿಳಿ ಗುಂಡಿಯನ್ನು ಎಡಕ್ಕೆ ಸರಿಸಿ, ಹಳೆಯ ಆಕಾಶ ಅಚ್ಚ ಬಿಳುಪಾದ ಕೂಡಲೇ ನಿಲ್ಲಿಸಬೇಕು. ಇನ್ನೂ ಎಳೆದರೆ ಸಣ್ಣ ಎಳೆಗಳು ಕರಗುತ್ತವೆ. ಕ್ಯಾಮೆರಾದಲ್ಲೇ ಕರಗಿಹೋದ ಎಳೆಗಳನ್ನಂತೂ ಯಾವ ಮಾಸ್ಕೂ ತಂದುಕೊಡದು. ಒಂದೆರಡು ಪಿಕ್ಸೆಲ್‌ನ ಬ್ರಷ್ ಹಿಡಿದು ನಾಲ್ಕಾರು ಎಳೆ ಬರೆಯುವುದೊಂದೇ ಉಳಿದ ದಾರಿ.

ಅಂಚು ಗೆದ್ದರೂ ಆಕಾಶದ ಆಯ್ಕೆಯಲ್ಲಿ ಎಡವುವವರುಂಟು. ಮೋಡದ ಬೆಳಕಿನಲ್ಲಿ ಮುಖದ ಮೇಲೆ ಗಟ್ಟಿ ನೆರಳಿರುವುದಿಲ್ಲ. ಅದರ ಹಿಂದೆ ಕೆಂಪು ಸೂರ್ಯಾಸ್ತ ತಂದಿಟ್ಟರೆ, ಆ ಸೂರ್ಯನ ಬೆಳಕು ಭುಜಕ್ಕೆ ಯಾಕೆ ಬೀಳಲಿಲ್ಲ ಎಂದು ಕಣ್ಣು ಕೇಳುತ್ತದೆ. ತೆಳು ಮೋಡದ, ದಿಗಂತದ ಕಡೆ ತಿಳಿಯಾಗುತ್ತ ಹೋಗುವ ನೀಲಿ ಸಾಕು. ಹಿಂದಿನ ಬೆಟ್ಟ ಮಸುಕಾಗಿದ್ದರೆ ಆಕಾಶವನ್ನೂ Gaussian Blur ಕೊಟ್ಟು ಮಸುಕಾಗಿಸಬೇಕು. ಚೂಪಾದ ಮೋಡ ಬೆಟ್ಟದ ಮುಂದೆ ಬಂದು ನಿಂತಂತೆ ಕಾಣುತ್ತದೆ. ಕೊನೆಗೊಮ್ಮೆ ಚಿತ್ರವನ್ನು 100%ರಲ್ಲಿಟ್ಟು, ಮೇಲೊಂದು Curves ಲೇಯರ್‌ನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿದರೆ ಅಲ್ಲಲ್ಲಿ ಉಳಿದ ಬಿಳಿ ಗೆರೆಗಳು ಎದ್ದು ಕಾಣುತ್ತವೆ.

ಅದೇ ಶೂಟ್‌ಗೆ ಅಜ್ಜಿಯೂ ಬಂದಿದ್ದರೆ ಈ ಉಪಾಯ ನಡೆಯದು. ನರೆಗೂದಲು ಬಿಳಿ ಆಕಾಶದಷ್ಟೇ ಬೆಳ್ಳಗಿರುವುದರಿಂದ Multiply ಅದನ್ನು ನೀಲಿಯಾಗಿಸುತ್ತದೆ. ಅಲ್ಲಿ ಮಾಸ್ಕ್ ಕತ್ತರಿಸಲೇಬೇಕು. ಅಂಚಿನ ಬಿಳುಪು ಎದ್ದು ಕಾಣದಿರಲೆಂದು ಹಿಂದೆ ಗಾಢ ನೀಲಿಯ ಬದಲು ತೆಳು ಬೂದು ಮೋಡವನ್ನೇ ಹಾಕಿ, ಜೋಡಿಯನ್ನು ಒಪ್ಪಿಸಬೇಕು.