ಹೆಸರು ಬಂತು, ಮುಖ ಬರಲಿಲ್ಲ

ಆಫೀಸಿನ ವೈಫೈನಲ್ಲಿ ಮೀಟಿಂಗ್‌ಗೆ ಸೇರಿದ್ದೀರಿ. ಎಲ್ಲರ ಹೆಸರು ಕಾಣುತ್ತಿದೆ, ಚಾಟ್ ಕೂಡ ಹೋಗುತ್ತಿದೆ. ಮುಖವಿಲ್ಲ, ದನಿಯಿಲ್ಲ. ಮೊಬೈಲ್ ಡೇಟಾಗೆ ಬದಲಿಸಿದರೆ ಎಲ್ಲ ಸರಿ. ಪಾಪ, ಬೈಸಿಕೊಳ್ಳುವುದು ಮಾತ್ರ ಆ್ಯಪ್!

ಒಂದೇ ಮೀಟಿಂಗ್ ಎರಡು ದಾರಿಯಲ್ಲಿ ಓಡುತ್ತದೆ. ಜಿಟ್ಸಿ ಮೀಟ್ ಅನ್ನೇ ನೋಡಿ. ಹೆಸರು, ಚಾಟ್ ಎಲ್ಲ ಮಾಮೂಲಿ ವೆಬ್‌ಸೈಟಿನಂತೆ ಟಿಸಿಪಿ 443ನೇ ಪೋರ್ಟಿನಲ್ಲಿ ಬರುತ್ತವೆ. ಮಾತು, ಚಿತ್ರ ಸಾಮಾನ್ಯವಾಗಿ ಯುಡಿಪಿ 10000ದಲ್ಲಿ. ಟಿಸಿಪಿಯಲ್ಲಿ ಒಂದು ತುಣುಕು ಕಳೆದರೆ, ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ಕಾಯಬೇಕು. ಯುಡಿಪಿಗೆ ಹೋದದ್ದು ಹೋಯಿತು. ಮಾತುಕತೆಗೆ ಅದೇ ಒಳ್ಳೆಯದು. ಆದರೆ ಎಷ್ಟೋ ಆಫೀಸುಗಳ ಫೈರ್‌ವಾಲ್ ವೆಬ್ ಬಿಟ್ಟು ಉಳಿದ ಯುಡಿಪಿಯನ್ನು ಹೊರಬಿಡುವುದಿಲ್ಲ.

ಇದಕ್ಕಾಗಿಯೇ ಟರ್ನ್ ಎಂಬ ಮಧ್ಯವರ್ತಿ ಸರ್ವರ್ ಇದೆ. ನೇರ ದಾರಿ ಸಿಗದಿದ್ದರೆ ಮಾತು, ಚಿತ್ರಗಳನ್ನು 443ರಲ್ಲಿ ಟಿಎಲ್‌ಎಸ್ ಹೊದಿಸಿ ಇದರ ಮೂಲಕ ಸಾಗಿಸಬಹುದು. ಮೀಟಿಂಗ್ ನಡೆಯುತ್ತದೆ, ಕೊಂಚ ತಡವರಿಸುತ್ತಾ. ಸರ್ವರ್ ನಡೆಸುವವರು ಟರ್ನ್ ಇಟ್ಟಿರದಿದ್ದರೆ, ಅಥವಾ ಫೈರ್‌ವಾಲ್ ಟಿಎಲ್‌ಎಸ್ ಅನ್ನೂ ಬಿಚ್ಚಿ ನೋಡುತ್ತಿದ್ದರೆ, ಈ ದಾರಿಯೂ ಮುಚ್ಚಬಹುದು.

ಪತ್ತೆಗೆ ಮೀಟಿಂಗ್ ನಡೆಯುವಾಗಲೇ ಕ್ರೋಮ್‌ನ ಇನ್ನೊಂದು ಟ್ಯಾಬಿನಲ್ಲಿ `chrome://webrtc-internals` ತೆರೆಯಿರಿ. ಆಯ್ಕೆಯಾದ ಜೋಡಿಯಲ್ಲಿ ನಿಮ್ಮ ಕಡೆ `relay` ಎಂದಿದ್ದರೆ ಮಧ್ಯವರ್ತಿ ಕೆಲಸ ಮಾಡುತ್ತಿದ್ದಾನೆ. ಸ್ಥಿತಿ `failed` ಆಗಿ, `relay` ಎಲ್ಲೂ ಇಲ್ಲವೆಂದರೆ ಟರ್ನ್ ಸಿಕ್ಕೇ ಇಲ್ಲ. ಆ ಪುಟದ ಸ್ಕ್ರೀನ್‌ಶಾಟ್ ಜೊತೆ ಐಟಿಯವರ ಬಳಿ ಹೋಗಿ, ಆ ಸರ್ವರಿಗೆ ಮಾತ್ರ ಯುಡಿಪಿ 10000 ತೆರೆಯಲು ಕೇಳಿ.