ಬಿಲ್ಲಿನಲ್ಲಿ ಕಡಿಮೆ ಬಿದ್ದ ಒಂದು ರೂಪಾಯಿ

ಬೆಂಗಳೂರಿನ ಒಂದು ರೆಸ್ಟೋರೆಂಟ್‌ನಲ್ಲಿ ಮೂವರು ಗೆಳತಿಯರು ಊಟಕ್ಕೆ ಕೂತಿದ್ದಾರೆ ಅಂದುಕೊಳ್ಳಿ. ಒಬ್ಬಳು ಸೂಪು, ರೋಟಿ ತಗೊಂಡಳು, 200 ರೂಪಾಯಿ. ಇನ್ನೊಬ್ಬಳು ಮೀಲ್ಸ್, 250. ಮೂರನೆಯವಳು ಬಿರಿಯಾನಿ, ಜೊತೆಗೊಂದು ಲಸ್ಸಿ, 310. ನಡುವೆ ಇಟ್ಟುಕೊಂಡು ಮೂವರೂ ತಿಂದ ಗೋಬಿ ಮಂಚೂರಿಗೆ 240. ಎಲ್ಲ ಸೇರಿ 1,000.

ಬಿಲ್ಲಿನಲ್ಲಿ ಅದರ ಕೆಳಗೆ ಶೇ 10 ಸರ್ವಿಸ್ ಚಾರ್ಜ್, 100 ರೂಪಾಯಿ. ಅದರ ಕೆಳಗೆ ಸಿಜಿಎಸ್‌ಟಿ 27.50, ಎಸ್‌ಜಿಎಸ್‌ಟಿ 27.50. ಕೊನೆಯ ಸಾಲಿನಲ್ಲಿ 1,155. ಒಬ್ಬಳು ಫೋನಿನಿಂದ ಪೂರ್ತಿ ಕಟ್ಟುತ್ತಾಳೆ, ಉಳಿದಿಬ್ಬರು ತಮ್ಮ ಪಾಲು ಅವಳಿಗೆ ಕಳಿಸಬೇಕು. ಲೆಕ್ಕ ತಪ್ಪಿದರೆ ನಷ್ಟ ಬೀಳುವುದು ಕಟ್ಟಿದವಳ ಮೇಲೆಯೇ. ಅವಳೋ ಒಂದೆರಡು ರೂಪಾಯಿಗೆ ಬಾಯಿ ಬಿಡುವವಳಲ್ಲ. ಲೆಕ್ಕ ಸರಿಯಾಗಿರಬೇಕು ಅನ್ನುವುದು ಅದಕ್ಕೇ.

ಮೊದಲ ತಪ್ಪು ಶೇಕಡಾವಾರಿನಲ್ಲೇ ಆಗುತ್ತದೆ. ಹತ್ತು ಮತ್ತು ಐದು ಸೇರಿದರೆ ಹದಿನೈದು ಅಂದುಕೊಂಡು ಪ್ರತಿಯೊಬ್ಬರೂ ತಾವು ತಿಂದದ್ದಕ್ಕೆ ಶೇ 15 ಸೇರಿಸಿ ಕಳಿಸುತ್ತಾರೆ. ಒಟ್ಟು ಬರುವುದು 1,150. ಐದು ರೂಪಾಯಿ ಕಡಿಮೆ. ಕಾರಣವಿಷ್ಟೇ: ಜಿಎಸ್‌ಟಿ ಬಿದ್ದದ್ದು 1,000ದ ಮೇಲಲ್ಲ, ಸರ್ವಿಸ್ ಚಾರ್ಜ್ ಸೇರಿದ 1,100ರ ಮೇಲೆ. ಹಾಗಾಗಿ ನಿಜವಾದ ಏರಿಕೆ ಶೇ 15.5.

ಇನ್ನೊಂದು ತಪ್ಪು, ಮೇಲಿನ 155 ರೂಪಾಯಿಯನ್ನು ಮೂರು ಸಮಪಾಲು ಮಾಡುವುದು. ಆಗ ತಲೆಗೆ 51.67. ಕಡಿಮೆ ತಿಂದ ಸೂಪಿನವಳು ಎಂಟು ರೂಪಾಯಿ ಹೆಚ್ಚು ತೆರುತ್ತಾಳೆ, ಬಿರಿಯಾನಿಯವಳಿಗೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ತೆರಿಗೆ ಹುಟ್ಟಿದ್ದು ತಿಂದ ಬೆಲೆಯಿಂದ. ಹಂಚಬೇಕಾದದ್ದೂ ಆ ಬೆಲೆಯ ಅನುಪಾತದಲ್ಲೇ.

ಸರಿಯಾದ ದಾರಿ ಸುಲಭ. ಶೇಕಡಾವಾರುಗಳನ್ನು ಮರೆತುಬಿಡಿ. ಬಿಲ್ಲಿನ ಕೊನೆಯ ಮೊತ್ತವನ್ನು ತಿನಿಸುಗಳ ಮೊತ್ತದಿಂದ ಭಾಗಿಸಿ. ಇಲ್ಲಿ 1,155 ಭಾಗಿಸು 1,000, ಅಂದರೆ 1.155. ರೌಂಡ್ ಆಫ್ ಅಂತ ಕೆಲವು ಪೈಸೆ ಹೆಚ್ಚುಕಡಿಮೆ ಮಾಡಿದ್ದರೆ ಅದೂ ಇದರೊಳಗೇ ಸೇರಿಹೋಗುತ್ತದೆ. ಹಂಚಿ ತಿಂದ ಮಂಚೂರಿಯಲ್ಲಿ ತಲೆಗೆ 80. ಅದನ್ನು ಕೂಡಿಸಿದರೆ ಮೂವರದು 280, 330, 390. ಒಂದೊಂದನ್ನೂ 1.155ರಿಂದ ಗುಣಿಸಿದರೆ 323.40, 381.15, 450.45. ಕೂಡಿದರೆ ಸರಿಯಾಗಿ 1,155.

ಪೈಸೆ ಸಮೇತ ಯುಪಿಐನಲ್ಲಿ ಕಳಿಸಿದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ನಾವು ರೂಪಾಯಿಗೆ ಸರಿಮಾಡಿಯೇ ಕಳಿಸುವುದು. ಮೂರರಲ್ಲೂ ಪೈಸೆ ಐವತ್ತರ ಒಳಗಿದೆ, ಹಾಗಾಗಿ ಮೂವರೂ ಕೆಳಕ್ಕೆ ಇಳಿಸುತ್ತಾರೆ: 323, 381, 450. ಕೂಡಿದರೆ 1,154. ಯಾರೂ ತಪ್ಪು ಮಾಡಿಲ್ಲ, ಆದರೂ ಒಂದು ರೂಪಾಯಿ ಕಡಿಮೆ.

ಇದಕ್ಕೆ ಪರಿಹಾರ ಇದೆ. ಮೊದಲು ಎಲ್ಲರ ಪೈಸೆಯನ್ನೂ ಬಿಟ್ಟು ಬರೀ ರೂಪಾಯಿ ಕೂಡಿ. ಬಿಲ್ಲಿಗೆ ಎಷ್ಟು ರೂಪಾಯಿ ಸಾಲದೋ ನೋಡಿ. ಬಿಟ್ಟ ಪೈಸೆ ಯಾರದು ಅತಿ ಹೆಚ್ಚೋ ಅವರಿಂದ ಶುರುಮಾಡಿ ಒಬ್ಬೊಬ್ಬರಿಗೆ ಒಂದೊಂದು ರೂಪಾಯಿ ಸೇರಿಸುತ್ತ ಬನ್ನಿ. ಇಲ್ಲಿ ಬೇಕಾದದ್ದು ಒಂದೇ ರೂಪಾಯಿ, ಹೆಚ್ಚು ಪೈಸೆ ಬಿಟ್ಟವಳು 45ರ ಬಿರಿಯಾನಿಯವಳು. ಅವಳು 451 ಕೊಟ್ಟರೆ ಮೊತ್ತ ಕೂಡಿಬರುತ್ತದೆ, ಯಾರ ಪಾಲೂ ನಿಜವಾದದ್ದಕ್ಕಿಂತ ಪೂರ್ತಿ ಒಂದು ರೂಪಾಯಿ ಆಚೀಚೆ ಹೋಗುವುದಿಲ್ಲ. ಅಮೆರಿಕದ ಸಂಸತ್ತಿನ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಲು 1792ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸೂಚಿಸಿದ್ದೂ ಇದೇ ವಿಧಾನ. ಅರ್ಧ ಸ್ಥಾನ ಕೊಡಲು ಬರುವುದಿಲ್ಲವಲ್ಲ.

ಎರಡು ಕಡೆ ಎಚ್ಚರ ಬೇಕು. 250ರ ತಿನಿಸನ್ನು ಮೂವರು ಹಂಚಿಕೊಂಡರೆ 83.33 ಅಂತ ಅಲ್ಲೇ ಕತ್ತರಿಸಬೇಡಿ, ಕೊನೆಯವರೆಗೂ ಹಾಗೇ ಇಟ್ಟುಕೊಂಡು ಒಂದೇ ಸಲ ಸರಿಮಾಡಿ. ಇನ್ನೊಂದು, ಮೇಜಿನ ಮೇಲೆ ಬಿಯರ್ ಇದ್ದರೆ ಒಂದೇ ಗುಣಕ ನಡೆಯದು. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಅದರ ಮೊತ್ತವನ್ನು ಬೇರೆ ಮಾಡಿ, ಕುಡಿದವರಿಗೆ ಮಾತ್ರ ಬೇರೆ ಹಂಚಬೇಕು.

ಇಷ್ಟಕ್ಕೂ ಆ 100 ರೂಪಾಯಿ ಕಡ್ಡಾಯವಲ್ಲ. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕಲೂಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಕೇಳಿದರೆ ಬಿಲ್ 1,050ಕ್ಕೆ ಇಳಿಯುತ್ತದೆ. ಪಾಲುಗಳು 294, 346.50, 409.50. ಈಗ ಇಬ್ಬರೂ ಅರ್ಧವನ್ನು ಮೇಲಕ್ಕೆ ಏರಿಸಿದರೆ 1,051, ಒಂದು ರೂಪಾಯಿ ಹೆಚ್ಚು. ಪೈಸೆ ಸಮನಾದಾಗ ಹೆಚ್ಚು ತಿಂದವರು ಆ ರೂಪಾಯಿ ಕೊಡಲಿ ಎನ್ನುವುದು ನನ್ನ ಮಾತು: 294, 346, 410. ಸರ್ವಿಸ್ ಚಾರ್ಜ್ ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.